ಬ್ಯಾರೆಲ್ ಅಗ್ಗ ಅಂತ ಹಾಕಿದ ಆಯಿಲ್, ಸೈಲೆನ್ಸರಲ್ಲಿ ಕೂತ ಬೂದಿ

ನನ್ನವು ಎರಡು ಲಾರಿ. ಒಂದು 2018ರ ಬಿಎಸ್4, ಇನ್ನೊಂದು 2021ರ ಬಿಎಸ್6. ದಾವಣಗೆರೆಯಿಂದ ನಾಮಕ್ಕಲ್‌ಗೆ ಮೆಕ್ಕೆಜೋಳ, ಅಡಿಕೆ ಲೋಡು ಸಿಕ್ಕರೆ ಉತ್ತರದ ಕಡೆ. ಎರಡಕ್ಕೂ ಸಿಕೆ-4 ದರ್ಜೆಯ ಇಂಜಿನ್ ಆಯಿಲ್ ಹಾಕ್ತೀನಿ ಅಂದಾಗ ಪಿ.ಬಿ. ರೋಡಿನ ನಮ್ಮ ಮೇಸ್ತ್ರಿ ನಕ್ಕರು. "ಸಾವ್ಕಾರ್ರೇ, ಸಿಐ-4, ಸಿಕೆ-4 ಎರಡೂ 15ಡಬ್ಲ್ಯು-40ನೇ, ಮಂದ ಒಂದೇ. ಸುಮ್ನೆ ದುಡ್ಡು ಯಾಕೆ ಸುಡ್ತೀರಿ?"

ಅದಕ್ಕೂ ಮೊದಲು ದುಡ್ಡು ಸುಟ್ಟುಕೊಂಡವನು ನಾನೇ. ಹಳೇ ಲಾರಿಗೆ ಅಂತ ಹಳೇ ದರ್ಜೆಯ ಸಿಐ-4 ಪ್ಲಸ್ ಬ್ಯಾರೆಲ್ಲೇ ತರಿಸಿದ್ದೆ. ಅಗ್ಗಕ್ಕೆ ಸಿಕ್ಕಿತ್ತು. ಕಂಪನಿಯ ಮೊದಲ ಸರ್ವಿಸ್ ಮುಗಿದ ಮೇಲೆ ಹೊಸದಕ್ಕೂ ಅದನ್ನೇ ಸುರಿದೆ. ದಾರಿಯಲ್ಲಿ ಕಡಿಮೆಯಾದರೆ ಡ್ರೈವರ್ ಹೈವೇ ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕ್ತಿದ್ದ.

ಮೊದಮೊದಲು ಏಳುನೂರು ಕಿಲೋಮೀಟರಿಗೊಮ್ಮೆ ಬರ್ತಿದ್ದ ರೀಜನ್, ಅಂದ್ರೆ ಸೈಲೆನ್ಸರಿನ ಫಿಲ್ಟರಲ್ಲಿ ಕೂತ ಮಸಿಯನ್ನು ಗಾಡಿಯೇ ಸುಟ್ಟುಕೊಳ್ಳೋದು, ಕ್ರಮೇಣ ಇನ್ನೂರೈವತ್ತಕ್ಕೇ ಬರತೊಡಗಿತು. ಮೈಲೇಜ್ ಬಿತ್ತು. ಸುಮಾರು 1.6 ಲಕ್ಷ ಕಿಲೋಮೀಟರಿಗೆ, ಖಂಬಾಟ್ಕಿ ಘಾಟ್ ಹತ್ತುವಾಗ ಆ ಫಿಲ್ಟರಿನ, ಅಂದ್ರೆ ಡಿಪಿಎಫ್‌ನ ಲ್ಯಾಂಪ್ ಹತ್ತಿ ಗಾಡಿ ಎಳೆಯೋದನ್ನೇ ಬಿಟ್ಟಿತು. ವರ್ಕ್‌ಶಾಪಲ್ಲಿ ಫೋರ್ಸ್ಡ್ ರೀಜನ್ ಮಾಡಿಸಿದರು. ಬಿಲ್ ಆಯ್ತು, ಮಾರನೇ ದಿನ ಲ್ಯಾಂಪ್ ಮತ್ತೆ ಹತ್ತಿತು. ಎರಡನೇ ಸಲ ನಾನೇ ಪಕ್ಕದಲ್ಲಿ ನಿಂತು ಸ್ಕ್ಯಾನರ್ ನೋಡಿದೆ. ರೀಜನ್ ಪೂರ್ತಿ ಮುಗಿದರೂ ಫಿಲ್ಟರಿನ ಆಚೀಚೆ ಪ್ರೆಷರ್ ವ್ಯತ್ಯಾಸ ಇಳಿಯಲೇ ಇಲ್ಲ. ಮಸಿ ಆಗಿದ್ರೆ ಸುಟ್ಟು ಹೋಗಿ ಇಳೀಬೇಕಿತ್ತು. ಇಳಿಯಲಿಲ್ಲ ಅಂದ್ರೆ ಒಳಗಿರೋದು ಬೂದಿ.

ನಮ್ಮೂರಿನ ಮಂಡಕ್ಕಿ ಭಟ್ಟಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನಷ್ಟು ಉರಿ ಹಾಕಿದರೆ ಬೂದಿ ಹೋಗಲ್ಲ, ಎಳೆದೇ ತೆಗೀಬೇಕು. ಡಿಪಿಎಫ್ ಬಿಚ್ಚಿ ಕ್ಲೀನ್ ಮಾಡಿಸಲು ಮೂವತ್ತೈದು ಸಾವಿರದ ಆಸುಪಾಸು, ಮೇಲೆ ನಾಲ್ಕು ದಿನದ ಬಾಡಿಗೆ ಹೋಯ್ತು.

ಆ ನಾಲ್ಕು ದಿನ ಕೂತು ಲೆಕ್ಕ ಹಾಕಿದೆ. ನನ್ನ ಇಂಜಿನ್ ನಾಲ್ಕು ಸಾವಿರ ಕಿಲೋಮೀಟರಿಗೆ ಲೀಟರಷ್ಟು ಆಯಿಲ್ ಕುಡೀತದೆ. 1.6 ಲಕ್ಷಕ್ಕೆ 40 ಲೀಟರ್, ತೂಕದಲ್ಲಿ 35 ಕೆಜಿ. ಆಯಿಲ್‌ನಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಉರಿದರೆ ಬೂದಿ. ಸಿಐ-4ಗೆ ಬೂದಿಯ ಮಿತಿ ಇಲ್ಲ. ನನ್ನ ಬ್ಯಾರೆಲ್ಲಿನ ಡೇಟಾ ಶೀಟಲ್ಲಿ 1.4 ಶೇಕಡಾ ಇತ್ತು, ಅಂದರೆ 490 ಗ್ರಾಂ. ಸಿಜೆ-4, ಸಿಕೆ-4ಗೆ ಗರಿಷ್ಠ 1 ಶೇಕಡಾ. ಅಷ್ಟೇ ಆಯಿಲ್‌ಗೆ 350 ಗ್ರಾಂ. ಎಲ್ಲಾ ಬೂದಿ ಫಿಲ್ಟರಲ್ಲೇ ನಿಲ್ಲಲ್ಲ ಅನ್ನೋದು ಬೇರೆ ಮಾತು. ಆಯಿಲ್ ಬದಲಿಸಿದರೂ ಬೂದಿ ನಿಲ್ಲಲ್ಲ, ಕ್ಲೀನಿಂಗ್ ಮುಂದಕ್ಕೆ ಹೋಗ್ತದೆ ಅಷ್ಟೇ. ಹೆಚ್ಚು ಆಯಿಲ್ ಕುಡಿಯೋ ಇಂಜಿನ್ನಿಗೆ ಯಾವ ಡಬ್ಬವೂ ಔಷಧಿಯಲ್ಲ.

ಈಗ ಡಬ್ಬದ ಮುಂದಿನ "ಟರ್ಬೊ", "ಬಿಎಸ್6" ಬರಹ ನಾನು ಓದೋದೇ ಇಲ್ಲ. ತಿರುಗಿಸಿ ಅಮೆರಿಕದ ಎಪಿಐ ಸಂಸ್ಥೆಯ ದುಂಡು ಮುದ್ರೆ ನೋಡ್ತೀನಿ. ನಡುವೆ ಇರೋದು 15ಡಬ್ಲ್ಯು-40 ಥರದ ಗ್ರೇಡ್, ಮೇಲಿನ ಅರ್ಧದಲ್ಲಿ ಸಿಕೆ-4 ಥರದ ದರ್ಜೆ. ಸಿ ಆದಮೇಲಿನ ಅಕ್ಷರ ಮುಂದೆ ಹೋದಷ್ಟು ದರ್ಜೆ ಹೊಸದು. ಸಿಐ 2002ರದು, ಸಿಕೆ 2016ರದು. ಎಫ್‌ಎ-4 ಕೂಡ 2016ರದೇ, ಆದರೆ ಅದು ತೆಳು ಆಯಿಲ್, 30ರ ಗ್ರೇಡಲ್ಲಿ ಮಾತ್ರ ಬರೋದು. ಇಂಜಿನ್ ಕಂಪನಿ ಹೇಳದೆ ಅದನ್ನು ಸುರೀಬೇಡಿ. "ಸಿಕೆ-4 ಮಟ್ಟದ್ದು" ಅಂತ ಬರೀ ಮಾತಲ್ಲಿ ಬರೆದು ಮುದ್ರೆ ಇಲ್ಲದ ಡಬ್ಬ ನನಗೆ ಬೇಡ. ರೀಫಿಲ್ ಡಬ್ಬ ಗುರುತಿಸಲು ಇನ್ನೊಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ, ಇಲ್ಲಿ ಬರೆದರೆ ಮಾರೋರೂ ಓದ್ತಾರೆ.

ಮೇಸ್ತ್ರಿಯ ಇನ್ನೊಂದು ತಕರಾರು ಟಿಬಿಎನ್‌ದು, ಅಂದ್ರೆ ಆಸಿಡ್ಡನ್ನು ಕೊಲ್ಲೋ ಆಯಿಲಿನ ಶಕ್ತಿಯದು. ಸಿಕೆ-4ರಲ್ಲಿ ಕಡಿಮೆ, ಹಳೇ ಗಾಡಿಗೆ ಬೇಗ ಸಾಯ್ತದೆ ಅಂತ. ಅದು ಡೀಸೆಲ್‌ನಲ್ಲಿ ಆಸಿಡ್ ಹುಟ್ಟಿಸೋ ಗಂಧಕ ಜಾಸ್ತಿ ಇದ್ದ ಕಾಲದ ಮಾತು. ಬಿಎಸ್3 ಡೀಸೆಲಿನಲ್ಲಿ 350 ಪಿಪಿಎಂ ತನಕ ಇತ್ತು, 2020ರ ಏಪ್ರಿಲಿಂದ ಬಂಕಲ್ಲಿ ಸಿಗೋದು 10 ಪಿಪಿಎಂ. ಆಸಿಡ್ಡೇ ಕಡಿಮೆ ಆದಮೇಲೆ ಅದನ್ನು ಕೊಲ್ಲೋ ಮದ್ದು ಅಷ್ಟು ಯಾಕೆ? ಆದ್ರೂ ಹಳೇ ಲಾರಿಯಲ್ಲಿ ಪರೀಕ್ಷೆ ಮಾಡಿದೆ. ಹತ್ತು ಸಾವಿರಕ್ಕೊಮ್ಮೆ ಡಿಪ್‌ಸ್ಟಿಕ್ಕಿಂದ ಒಂದು ಹನಿ ಫಿಲ್ಟರ್ ಪೇಪರ್ ಮೇಲೆ ಬಿಟ್ಟು ರಾತ್ರಿ ಇಡೋದು. ಮಸಿ ಬೂದುಬಣ್ಣದಲ್ಲಿ ಅಂಚಿನವರೆಗೆ ಸಮನಾಗಿ ಹರಡಿದ್ರೆ ಆಯಿಲ್ ಮಸಿಯನ್ನು ಇನ್ನೂ ಹೊತ್ತುಕೊಂಡಿದೆ. ನಡುವೆ ಕರೀ ಗಡ್ಡೆ, ಸುತ್ತ ತಿಳಿ ಉಂಗುರ ಬಂದ್ರೆ ಇಳಿಸೋ ಹೊತ್ತು. ಕಂಪನಿ ಬುಕ್ ಹೇಳಿದ ಕಿಲೋಮೀಟರ್ ತನಕ ಗಡ್ಡೆ ಬರಲಿಲ್ಲ. ಇದು ಮಸಿಯ ಪರೀಕ್ಷೆ, ಆಸಿಡ್‌ದಲ್ಲ. ಅದಕ್ಕೆ ಸ್ಯಾಂಪಲ್ ಲ್ಯಾಬಿಗೇ ಕಳಿಸಿದ್ದೆ, ಟಿಬಿಎನ್ ಅರ್ಧಕ್ಕಿಂತ ಮೇಲೇ ಉಳಿದಿತ್ತು.

ಖರ್ಚು ಲೀಟರಿಗೆ ಅರವತ್ತೆಪ್ಪತ್ತು ರೂಪಾಯಿ ಜಾಸ್ತಿ. 20 ಲೀಟರಿನ ಬಕೆಟ್ಟಿಗೆ ಸಾವಿರದ ಮುನ್ನೂರು ಅನ್ನಿ. ಜೊತೆಗೆ ಎರಡೂ ಕ್ಯಾಬಿನ್ನಲ್ಲಿ ಐದು ಲೀಟರ್ ಸಿಕೆ-4 ಡಬ್ಬ ಇಟ್ಟಿದ್ದೀನಿ, ಹೈವೇಯಲ್ಲಿ ಟಾಪಪ್ ಬಂದ್.

ಕ್ಲೀನ್ ಮಾಡಿಸಿದ ಮೇಲೆ ಬಿಎಸ್6 ಲಾರಿ 1.8 ಲಕ್ಷ ದಾಟಿದೆ. ರೀಜನ್ ಇನ್ನೂ ಐನೂರರ ಮೇಲೇ ಇದೆ. ಹಳೇ ಬ್ಯಾರೆಲ್ಲಿನ ತಳದಲ್ಲಿ ಉಳಿದಿದ್ದ ಸಿಐ-4 ಪ್ಲಸ್ ಅಣ್ಣನ ಟ್ರ್ಯಾಕ್ಟರಿಗೆ ಹೋಯ್ತು.