ರೋಜಾ ಹಿಡಿದು ಐದು ಪಿರಿಯಡ್ ಪಾಠ: ಗಂಟಲು ಒಣಗುವುದನ್ನು ತಡೆದ ನನ್ನ ಅನುಭವ

ಬ್ಯಾಡಗಿ ಕಡೆಯ ಪ್ರೌಢಶಾಲೆಯಲ್ಲಿ ಪಾಠ ಹೇಳುವ ನನಗೆ, 2024 ಮತ್ತು 2025ರಲ್ಲಿ ರಂಜಾನ್ ತಿಂಗಳು ಹೆಚ್ಚುಕಡಿಮೆ ಮಾರ್ಚ್‌ನಲ್ಲಿಯೇ ಬಂದದ್ದು ದೊಡ್ಡ ಪರೀಕ್ಷೆಯಾಯಿತು. ಎಸ್‌ಎಸ್‌ಎಲ್‌ಸಿ ಮಕ್ಕಳ ಪುನರ್ಮನನ ತರಗತಿಗಳು, ಬಿಸಿಲು, ಸಾಲದ್ದಕ್ಕೆ ಮೆಣಸಿನಕಾಯಿ ಹಂಗಾಮಿನ ಘಾಟು. ಮೊದಲ ವರ್ಷ ಮೂರನೆಯ ಪಿರಿಯಡ್ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಪದ್ಯ ಓದುವಾಗ ಧ್ವನಿ ಒಡೆಯುತ್ತಿತ್ತು. ಎರಡನೆಯ ವರ್ಷ ಅದೇ ತರಗತಿಗಳನ್ನು ಅದೇ ಬಿಸಿಲಿನಲ್ಲಿ ಮಧ್ಯಾಹ್ನದವರೆಗೂ ಗಂಟಲು ಕೆರೆಯದೆ ಮುಗಿಸಿದೆ. ಇದು ಆಗುವ ಮಾತಲ್ಲ ಎಂದಿದ್ದ ಸಹೋದ್ಯೋಗಿಗಳೇ ಈಗ ಕ್ರಮವನ್ನು ಬರೆದುಕೊಡಿ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ರೋಜಾದ ನಿಯಮಗಳು ನಿಮಗೆ ಗೊತ್ತೇ ಇರುವುದರಿಂದ ಅವುಗಳನ್ನು ವಿವರಿಸುವುದಿಲ್ಲ.

ಮೊದಲು ಕೈ ಬಿಟ್ಟುಹೋದ ಹಣದ ಲೆಕ್ಕ. ಒಂಬೈನೂರು ರೂಪಾಯಿಯ ತಾಮ್ರದ ಬಾಟಲಿ, ಇಫ್ತಾರ್‌ಗೆಂದು ಡಜನ್‌ಗಟ್ಟಲೆ ತಂದ ಬಣ್ಣದ ಶರಬತ್ತು, ಜೇನಿನ ಗಂಟಲು ಗುಳಿಗೆ, ಔಷಧ ಅಂಗಡಿಯವರು ಒತ್ತಾಯಿಸಿ ಕೊಟ್ಟ ಓಆರ್‌ಎಸ್ ಪಾಕೀಟುಗಳು, ಎಲ್ಲ ಸೇರಿ ಎರಡೂವರೆ ಸಾವಿರದ ಸುಮಾರು ಖರ್ಚಾಯಿತು. ಗುಳಿಗೆ ಹಗಲಿನಲ್ಲಿ ಬಾಯಿಗೆ ಹಾಕುವಂತಿಲ್ಲ, ರಾತ್ರಿ ಅದರ ಅಗತ್ಯವಿಲ್ಲ. ಶರಬತ್ತಿನ ಸಿಹಿ ಕುಡಿದ ಮೇಲೆ ಬಾಯಿ ಇನ್ನಷ್ಟು ಅಂಟಂಟಾಗುತ್ತಿತ್ತು. ಓಆರ್‌ಎಸ್ ವಾಂತಿಭೇದಿ ಆದವರಿಗೆ ಸರಿಯೇ ಹೊರತು, ಊಟದಲ್ಲಿ ಉಪ್ಪು ತಿನ್ನುವ ಆರೋಗ್ಯವಂತನಿಗೆ ದಿನವೂ ಬೇಕಿಲ್ಲ. ಇವುಗಳ ಹೊರತಾಗಿ ಕೊಂಡದ್ದರಲ್ಲಿ ದುಡ್ಡಿಗೆ ಬಾಳಿದ್ದು ಎರಡು ಸಾವಿರದ ಒಳಗೆ ಸಿಕ್ಕ, ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮೈಕ್ ಒಂದೇ. ಕೂಗುವುದು ನಿಂತರೆ ಬಾಯಿಯಿಂದ ಉಸಿರೆಳೆದುಕೊಳ್ಳುವುದೂ ಕಡಿಮೆಯಾಗುತ್ತದೆ.

ಮನೆಯ ಹಿರಿಯರ ಉಪಾಯ ಬೇರೆ ಇತ್ತು. ಸಹರಿ ಮುಗಿಯಲು ಐದು ನಿಮಿಷ ಇರುವಾಗ ಚಾಚಾ, "ಇನ್ನ ಸಂಜಿತನಕ ನೀರು ಸಿಗೂದಿಲ್ಲ, ಎರಡು ತಂಬಿಗಿ ಕುಡದು ಬಿಡೋ" ಎಂದು ಒತ್ತಾಯ ಮಾಡುತ್ತಿದ್ದರು. ನಾನೂ ಕುಡಿಯುತ್ತಿದ್ದೆ. ಏಳೂವರೆಯ ಹೊತ್ತಿಗೆ ಅಷ್ಟೂ ನೀರು ಮೂತ್ರವಾಗಿ ಹೊರಗೆ ಹೋಗುತ್ತಿತ್ತು. ಒಮ್ಮೆಲೇ ಹೊಟ್ಟೆಗೆ ಸುರಿದ ಬರಿ ನೀರನ್ನು ದೇಹ ಸಂಜೆಗೆಂದು ಕೂಡಿಡುವುದಿಲ್ಲ, ಹೆಚ್ಚಾದದ್ದನ್ನು ಮೂತ್ರಪಿಂಡ ಒಂದೆರಡು ತಾಸಿನಲ್ಲಿ ಹೊರಹಾಕಿಬಿಡುತ್ತದೆ. ಅನ್ನದ ಜೊತೆಗೆ, ಸ್ವಲ್ಪ ಉಪ್ಪಿನ ಜೊತೆಗೆ, ನಿಧಾನವಾಗಿ ಹೋದ ನೀರು ಮಾತ್ರ ಹೆಚ್ಚು ಹೊತ್ತು ನಿಲ್ಲುತ್ತದೆ.

ನನ್ನ ಕೆಲಸ ಸುಲಭವಾದದ್ದು, ಗಂಟಲು ಒಣಗುವುದರಲ್ಲಿ ಮೂರು ಬಗೆಗಳಿವೆ ಎಂದು ಗುರುತಿಸಿದ ಮೇಲೆ. ಮಧ್ಯಾಹ್ನದ ಮೇಲೆ ಒಣಗಿ, ಮೂತ್ರ ದಟ್ಟ ಹಳದಿಯಾಗಿದ್ದರೆ ಅದು ನಿಜವಾದ ನೀರಿನ ಕೊರತೆ. ಮೂತ್ರ ತಿಳಿಯಾಗಿಯೇ ಇದ್ದು, ಪಾಠ ಮಾಡಿದ ತಕ್ಷಣ ಬಾಯಿ ಒಣಗಿ, ಹತ್ತು ನಿಮಿಷ ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡಿದರೆ ಸರಿಹೋಗುವಂತಿದ್ದರೆ ಅದು ಮಾತಿನ ಒಣಗುವಿಕೆ. ಬೆಳಿಗ್ಗೆ ಎಂಟಕ್ಕೇ ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಂತಾಗಿ, ಹುಳಿ ತೇಗು ಬಂದು, ಮತ್ತೆ ಮತ್ತೆ ಖ್ಯಾಕರಿಸಬೇಕೆನಿಸಿದರೆ ಅದಕ್ಕೂ ನೀರಿಗೂ ಸಂಬಂಧ ಕಡಿಮೆ. ಹೊಟ್ಟೆಯ ಆಮ್ಲ ಮೇಲೆ ಬಂದು ಗಂಟಲನ್ನು ಸುಡುತ್ತಿದೆ ಎಂದರ್ಥ. ನನ್ನ ತೊಂದರೆಯಲ್ಲಿ ಮುಕ್ಕಾಲು ಪಾಲು ಈ ಮೂರನೆಯದಾಗಿತ್ತು. ಇಫ್ತಾರ್‌ಗೆ ಗಿರ್ಮಿಟ್ ಮಿರ್ಚಿ, ಸಹರಿಗೆ ಹಿಂದಿನ ರಾತ್ರಿಯ ಎಣ್ಣೆ ತೇಲುವ ಸಾರು, ಫಜರ್ ಮುಗಿಸಿ ಬಂದವನೇ ತುಂಬಿದ ಹೊಟ್ಟೆಯಲ್ಲಿ ಮಲಗುವುದು: ಇಷ್ಟು ಮಾಡಿದವನ ಗಂಟಲು ಎಷ್ಟು ತಂಬಿಗೆ ನೀರಿಗೂ ಸರಿಹೋಗುವುದಿಲ್ಲ.

ಆದ್ದರಿಂದ ರಾತ್ರಿಯ ಕ್ರಮವನ್ನೇ ಬದಲಿಸಿದೆ. ನಮ್ಮಲ್ಲಿ ಮಾರ್ಚ್ ನಡುವೆ ಇಫ್ತಾರ್ ಸುಮಾರು 6.40ಕ್ಕೆ. ಎರಡು ಮೂರು ಖರ್ಜೂರ, ತಣ್ಣಗಿಲ್ಲದ ಒಂದು ಲೋಟ ನೀರು, ಒಂದು ಹೋಳು ಕಲ್ಲಂಗಡಿ, ಅಷ್ಟಕ್ಕೇ ನಿಲ್ಲಿಸಿ ಮಗರಿಬ್ ನಮಾಜಿಗೆ ಹೋಗುತ್ತೇನೆ. ಊಟ ಏಳೂಕಾಲರ ನಂತರ, ಮಿರ್ಚಿ ತಿನ್ನಲೇಬೇಕೆನಿಸಿದ ದಿನ ಅದೂ ಆಗಲೇ, ರಾತ್ರಿ ತರಾವೀಹ್ ಮುಗಿದ ಮೇಲೆ ಖಂಡಿತ ಇಲ್ಲ. ಊಟದಿಂದ ಮಲಗುವವರೆಗೆ ಮುಕ್ಕಾಲು ತಾಸಿಗೊಮ್ಮೆ ಒಂದು ಲೋಟದಂತೆ, ತರಾವೀಹ್‌ಗೆ ಮೊದಲು ಒಂದು ಮತ್ತು ನಂತರ ಒಂದು ಸೇರಿ ನಾಲ್ಕೈದು ಲೋಟಗಳಾಗುತ್ತವೆ. ಚಹಾ ಏಳೂವರೆಗೆ ಒಂದೇ ಕಪ್ಪು. ದಿನಕ್ಕೆ ಆರು ಕಪ್ಪು ಕುಡಿಯುವವರು ರಂಜಾನಿಗೆ ವಾರ ಮೊದಲೇ ಇಳಿಸುತ್ತ ಬರದಿದ್ದರೆ ಮೊದಲ ಮೂರು ದಿನ ತಲೆನೋವು ತಪ್ಪಿದ್ದಲ್ಲ.

ಸಹರಿ 5.15ರ ಸುಮಾರಿಗೆ ಮುಗಿಯುತ್ತದೆಂದರೆ ನಾನು ನಾಲ್ಕಕ್ಕೇ ಏಳುತ್ತೇನೆ. ಇದರ ಬಗ್ಗೆ ಮನೆಯಲ್ಲಿ ಆದಷ್ಟು ಜಗಳ ಬೇರೆ ಯಾವುದಕ್ಕೂ ಆಗಲಿಲ್ಲ. ಒಣ ರೊಟ್ಟಿ, ಉಪ್ಪಿನಕಾಯಿ, ಕೆಂಪು ಚಟ್ನಿ ಬಿಟ್ಟು, ಮೆತ್ತಗೆ ಬೇಯಿಸಿದ ಜೋಳದ ನುಚ್ಚಿಗೆ ಹುಳಿ ಇಲ್ಲದ ಮಜ್ಜಿಗೆ, ಒಂದು ಸೌತೆಕಾಯಿ, ಒಂದು ಬೇಯಿಸಿದ ತತ್ತಿ. ನುಚ್ಚು ತನ್ನ ತೂಕದ ಎಷ್ಟೋ ಪಾಲು ನೀರನ್ನು ಹೀರಿಕೊಂಡೇ ಹೊಟ್ಟೆಗೆ ಹೋಗುತ್ತದೆ. ಇದರ ಜೊತೆ ಎರಡು ಲೋಟ ನೀರನ್ನು ಮುಕ್ಕಾಲು ತಾಸಿನಲ್ಲಿ ಗುಟುಕು ಗುಟುಕಾಗಿ ಮುಗಿಸುತ್ತೇನೆ. ಮಜ್ಜಿಗೆಗೆ ಬೀಳುವ ಜೀರಿಗೆಯ ಜೊತೆ ಇನ್ನೊಂದು ವಸ್ತುವಿದೆ. ಅದರ ಅಳತೆಯನ್ನು ಸದ್ಯ ನಮ್ಮ ಅಡುಗೆಮನೆಯಲ್ಲಿಯೇ ಉಳಿಸಿಕೊಳ್ಳುತ್ತೇನೆ. ಇಫ್ತಾರ್‌ನಿಂದ ಸಹರಿವರೆಗೆ ಒಟ್ಟು ಎರಡೂಕಾಲು ಲೀಟರಿನ ಆಚೀಚೆ ನೀರಾಗುತ್ತದೆ.

ಫಜರ್ ನಂತರ ಮಲಗುವುದಿಲ್ಲ ಎಂಬುದೇ ಈ ಕ್ರಮದ ಬೆನ್ನೆಲುಬು. ಏಳರವರೆಗೆ ನಡೆಯುತ್ತೇನೆ, ಇಲ್ಲವೇ ಉತ್ತರಪತ್ರಿಕೆ ತಿದ್ದುತ್ತ ಕೂಡುತ್ತೇನೆ. ಕಳೆದ ನಿದ್ದೆಯನ್ನು ಶಾಲೆ ಬಿಟ್ಟ ಮೇಲೆ ಅರ್ಧ ತಾಸು ತೀರಿಸಿಕೊಳ್ಳುತ್ತೇನೆ, ಆಗ ಹೊಟ್ಟೆ ಖಾಲಿಯಿರುವುದರಿಂದ ಹುಳಿ ಮೇಲೇರುವುದು ಕಡಿಮೆ. ಮಲಗುವುದನ್ನು ಬಿಟ್ಟ ನಾಲ್ಕೈದು ದಿನಗಳಲ್ಲಿ ಖ್ಯಾಕರಿಸುವುದು ನಿಂತಿತು.

ಶಾಲೆಯಲ್ಲಿ ಮುಖ್ಯೋಪಾಧ್ಯಾಯರನ್ನು ಕೇಳಿ ಪದ್ಯ, ವ್ಯಾಕರಣದ ಪಿರಿಯಡ್‌ಗಳನ್ನು ಮೊದಲಿಗೆ ತೆಗೆದುಕೊಂಡು, ಬರೆಸುವ ಕೆಲಸವನ್ನು ಕೊನೆಗೆ ಹಾಕಿಸಿಕೊಂಡೆ. ಝುಹರ್ ವುಜೂವಿನಲ್ಲಿ ಬಾಯಿ ಮುಕ್ಕಳಿಸಿದಾಗ ಒಣ ಬಾಯಿಗೆ ಸಾಕಷ್ಟು ತಂಪು ಸಿಗುತ್ತದೆ, ಗಂಟಲಿನೊಳಗೆ ನೀರು ಇಳಿಯುವಂತೆ ಗಳಗಳ ಮಾಡಬಾರದು ಅಷ್ಟೇ. ಹಬೆ ಎಳೆದುಕೊಳ್ಳುವುದು ರೋಜಾದಲ್ಲಿ ಸಲ್ಲದು ಎಂದು ನಮ್ಮ ಮೌಲಾನಾ ಹೇಳಿದ್ದರಿಂದ ಅದನ್ನು ರಾತ್ರಿಗೆ ಇಟ್ಟುಕೊಂಡಿದ್ದೇನೆ. ಮೆಣಸಿನಕಾಯಿ ಘಾಟು ಇರುವ ದಿನ ರಸ್ತೆಯಲ್ಲಿ ಮೂಗು ಬಾಯಿಗೆ ಒದ್ದೆ ಕರವಸ್ತ್ರ ಕಟ್ಟಿಕೊಳ್ಳುತ್ತೇನೆ.

ನಡುವೆ ಕಾಮಕಸ್ತೂರಿ ಬೀಜವನ್ನೂ ನೆನೆಸಿ ನೋಡಿದೆ. ಹೊಟ್ಟೆ ತುಂಬಿದಂತಾಯಿತೇ ಹೊರತು ಗಂಟಲಿಗೆ ವ್ಯತ್ಯಾಸ ಕಾಣಲಿಲ್ಲ. ಶ್ರಾವಣ ಸೋಮವಾರ ಮಾಡುವ ನಮ್ಮ ಗಣಿತದ ಸರ್‌ಗೂ ಇದೇ ತೊಂದರೆ ಇತ್ತು. ಅವರಿಗೆ ನೀರಿನ ನಿರ್ಬಂಧವಿಲ್ಲ, ಆದರೆ ದಿನವಿಡೀ ಖಾಲಿ ಹೊಟ್ಟೆಗೆ ಚಹಾ, ರಾತ್ರಿ ಒಂಬತ್ತಕ್ಕೆ ಕರಿದ ಶೇಂಗಾ ಹಾಕಿದ ಸಾಬೂದಾಣಿ ಖಿಚಡಿ, ಆಮೇಲೆ ನಿದ್ದೆ. ಚಹಾ ಎರಡಕ್ಕೆ ಇಳಿಸಿ, ಫಲಾಹಾರವನ್ನು ಏಳಕ್ಕೇ ಮುಗಿಸಿದ ಮೇಲೆ ಮಂಗಳವಾರದ ಗಂಟಲು ಕೆರೆತ ಹೋಯಿತು ಎಂದರು.

ಈ ಅಳತೆಗಳು ಆರೋಗ್ಯವಂತ ನಲವತ್ತರ ಮನುಷ್ಯನವು. ಸಕ್ಕರೆ ಕಾಯಿಲೆ, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು, ಬಿಪಿಗೆ ನೀರು ಇಳಿಸುವ ಗುಳಿಗೆ ನುಂಗುವವರು ನೀರು ಉಪ್ಪಿನ ಲೆಕ್ಕವನ್ನು ವೈದ್ಯರಲ್ಲಿಯೇ ಕೇಳಬೇಕು. ನೆಗಡಿ, ಅಲರ್ಜಿಯ ಕೆಲವು ಗುಳಿಗೆಗಳು ತಾವೇ ಬಾಯಿ ಒಣಗಿಸುತ್ತವೆ ಎಂಬುದನ್ನೂ ನೋಡಿಕೊಳ್ಳಿ. ತಲೆ ಸುತ್ತಿ ಕಣ್ಣು ಕತ್ತಲಿಟ್ಟರೆ ರೋಜಾ ಬಿಟ್ಟು ನೀರು ಕುಡಿಯಲು ಧರ್ಮದಲ್ಲಿಯೇ ಅವಕಾಶವಿದೆ. ಹಬ್ಬ ಮುಗಿದು ಮೂರು ವಾರವಾದರೂ ಧ್ವನಿ ಒರಟಾಗಿಯೇ ಉಳಿದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ.