ನೂರಿಪ್ಪತ್ತು ಕಿರುಚಿತ್ರ ನೋಡಿದ ಮೇಲೆ

ಹೋದ ವರ್ಷ ಒಂದು ಕಿರುಚಿತ್ರೋತ್ಸವಕ್ಕೆ ಮೊದಲ ಸುತ್ತಿನ ಆಯ್ಕೆ ಮಾಡಿಕೊಟ್ಟೆ. ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ, ರಾತ್ರಿ ಊಟ ಆದ ಮೇಲೆ, ಲ್ಯಾಪ್‌ಟಾಪ್ ಮುಂದೆ. ಆರು ವಾರದಲ್ಲಿ 120 ಚಿತ್ರ. ಪ್ರತಿಯೊಂದನ್ನೂ ಇಬ್ಬರು ನೋಡಿ ಹತ್ತಕ್ಕೆ ಅಂಕ ಕೊಡಬೇಕು.

ನಲವತ್ತು ದಾಟುವಷ್ಟರಲ್ಲಿ ತಲೆ ಕೆಟ್ಟಿತು. ಅಲಾರಂ ಹೊಡೆಯುತ್ತದೆ, ಹುಡುಗ ಏಳುತ್ತಾನೆ, ಹಲ್ಲುಜ್ಜುತ್ತಾನೆ. ಆಮೇಲೆ ಡ್ರೋನ್ ಶಾಟ್, ಅಳು ಬರಿಸೋ ಪಿಯಾನೊ, ಕೊನೆಗೆ ಆ ಹುಡುಗಿ ಸತ್ತು ವರ್ಷವಾಗಿತ್ತು ಅನ್ನೋ ತಿರುವು. ಹೀಗೇ ಹತ್ತಾರು ಬಂದವು, ಮಾಡಿದವರು ಮಾತ್ರ ಬೇರೆ ಬೇರೆ.

ಆಗ ಬಂತು 14 ನಿಮಿಷದ ಒಂದು ಚಿತ್ರ. ಒಬ್ಬ ಮುದುಕ ನೀರಿನ ಟ್ಯಾಂಕರ್‌ಗೆ ಕಾಯುತ್ತಾನೆ. ಸಂಗೀತ ಇಲ್ಲ. ಸಾಲಿಗಿಟ್ಟ ಕೊಡಗಳ ಮೇಲೇ ಕ್ಯಾಮೆರಾ ಮೂರು ನಿಮಿಷ ಅಲ್ಲಾಡದೆ ನಿಂತಿದೆ. ನಾನು ಒಂಬತ್ತು ಕೊಟ್ಟೆ. ಮರುದಿನ ಅದನ್ನೇ ಮೊಬೈಲ್‌ನಲ್ಲಿ ತಮ್ಮನಿಗೆ ತೋರಿಸಿದೆ. ಐದು ನಿಮಿಷಕ್ಕೇ, "ಯಣ್ಣಾ, ಏನೂ ಆಗವಲ್ದಲ್ಲೋ ಇದ್ರಾಗ" ಅಂದ.

ಅವನದು ತಪ್ಪಲ್ಲ. ಆ ಪಿಯಾನೊಗಳನ್ನೆಲ್ಲ ಕೇಳಿ ಸುಸ್ತಾಗಿದ್ದು ನಾನು, ಅವನಲ್ಲ. ನನಗೆ ಆ ಮೌನವೇ ದೊಡ್ಡ ಆರಾಮ. ದಿನವಿಡೀ ಅಂಗಡಿಯಲ್ಲಿ ನಿಂತು ಬಂದವನಿಗೆ ಅದು ಬರೀ ಕೊಡ, ಅಷ್ಟೇ ಅಲ್ವಾ?

ಕೊನೆಯ ಸುತ್ತಿಗೆ ತೀರ್ಪುಗಾರರು ಮೂವರು, ನಾನು ಸುಮ್ನೆ ಲೆಕ್ಕ ಬರೆದುಕೊಳ್ಳೋಕೆ ಕೂತಿದ್ದೆ. ಟ್ಯಾಂಕರ್ ಚಿತ್ರಕ್ಕೆ 9, 9, 4. ಒಂದು ಅತ್ತೆ-ಸೊಸೆ ಹಾಸ್ಯಕ್ಕೆ 7, 7, 8. ಎರಡೂ 22. ಆಮೇಲೆ ಮಾತುಕತೆ ಶುರುವಾಯಿತು, ಅಲ್ಲೇ ತಕ್ಕಡಿ ವಾಲಿದ್ದು. ಒಂಬತ್ತು ಕೊಟ್ಟ ಇಬ್ಬರೂ ತಮ್ಮ ಚಿತ್ರಕ್ಕಾಗಿ ಜಗಳಕ್ಕೇ ನಿಂತರು. ಏಳು ಕೊಟ್ಟ ಚಿತ್ರಕ್ಕೆ ಯಾರು ಜಗಳ ಮಾಡುತ್ತಾರೆ? "ಅದೂ ಚೆನ್ನಾಗಿದೆ" ಅಂತ ಬಿಟ್ಟುಕೊಟ್ಟರು. ನಾಲ್ಕು ಕೊಟ್ಟವರು ಅರ್ಧ ಗಂಟೆ ವಾದ ಮಾಡಿ ಸೋತರು. ಕಾನ್ ಉತ್ಸವದ ಮುಖ್ಯ ಸ್ಪರ್ಧೆಗೆ ಸಾಮಾನ್ಯವಾಗಿ ಒಂಬತ್ತು ಜನ ತೀರ್ಪುಗಾರರು ಇರುತ್ತಾರೆ. ಅಲ್ಲೂ ಕೋಣೆಯೊಳಗೆ ಕೂತು ಮಾತಾಡಿದ ಮೇಲೆಯೇ ನಿರ್ಧಾರ ಮಾಡೋದು. ಹಾಗಾಗಿ ಕೆಲವರಿಗೆ ಹುಚ್ಚು ಹಿಡಿಸಿದ ಚಿತ್ರ, ಎಲ್ಲರಿಗೂ ಪರವಾಗಿಲ್ಲ ಅನಿಸಿದ ಚಿತ್ರವನ್ನು ಹಿಂದೆ ಹಾಕಿಬಿಡಬಹುದು. ಆ ನಾಲ್ಕು ಅಂಕದವರು ಬಹುಶಃ ನನ್ನ ತಮ್ಮನ ಪರವಾಗಿಯೇ ಕೂತಿದ್ದರು.

ಎಲ್ಲ ಸಲ ಹೀಗಾಗೋದಿಲ್ಲ ಬಿಡಿ. 'ತಿಥಿ' 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು ಬಂದ ಚಿತ್ರ, ನಮ್ಮ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು.

ಪ್ರದರ್ಶನದ ದಿನ ತಮ್ಮನನ್ನೂ ಎಳೆದುಕೊಂಡು ಹೋದೆ. ಕತ್ತಲ ಹಾಲ್, ದೊಡ್ಡ ಸ್ಪೀಕರ್. ಕೊಡಗಳ ಆ ಶಾಟ್‌ನ ಕೊನೆಯಲ್ಲಿ ದೂರದಿಂದ ಟ್ಯಾಂಕರ್ ಸದ್ದು ಬಂದು, ನಿಲ್ಲದೆ ಹಾಗೇ ಹೊರಟುಹೋಗುತ್ತದೆ. ಚಿತ್ರದ ಕತೆಯೇ ಅದು. ಮೊಬೈಲ್‌ನಲ್ಲಿ ಆ ಸದ್ದು ಕೇಳಿಸಿರಲೇ ಇಲ್ಲ. ಹೊರಗೆ ಬಂದ ಮೇಲೆ ತಮ್ಮ, "ಗಾಡಿ ಹೊಂಟಹೋತಲ್ಲೋ, ಪಾಪ" ಅಂದ. ಬೈಕ್ ಹತ್ತುವಾಗ ಮತ್ತೆ ಹೇಳಿದ: "ಆದ್ರೂ ಅತ್ತಿ-ಸೊಸಿದೇ ಛಲೋ ಇತ್ತು ನೋಡು."