ನೆಟ್ ಇಲ್ಲದೆ ಲ್ಯಾಬ್ ಸೇರಿದ್ದು

ನೆಟ್ ಪರೀಕ್ಷೆ ಪಾಸಾಗದವರ ಮೇಲ್ ಅನ್ನು ಯಾವ ಪ್ರೊಫೆಸರೂ ತೆರೆಯಲ್ಲ ಅಂತ ನಮ್ಮ ಸೀನಿಯರ್‌ಗಳೆಲ್ಲ ಒಂದೇ ರಾಗ ಹಾಡಿದ್ದರು. ಈಗ ನಾನು ನೆಟ್ ಇಲ್ಲದೆಯೇ ರಾಗಿಯ ಬೆಂಕಿ ರೋಗದ ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್. ಅದೇ ಸೀನಿಯರ್‌ಗಳು ನಾನು ಆ ಲ್ಯಾಬಿಗೆ ಬರೆದ ಪತ್ರದ ಕಾಪಿ ಕೇಳುತ್ತಿದ್ದಾರೆ.

ಮೊದಲು ಕಳೆದ ದುಡ್ಡಿನ ಲೆಕ್ಕ. ಪತ್ರ ಬರೆದುಕೊಡುವವನೊಬ್ಬನಿಗೆ ಎರಡೂವರೆ ಸಾವಿರ ಕೊಟ್ಟೆ. 'ನಿಮ್ಮ ಸಂಶೋಧನೆ ನನ್ನನ್ನು ಸೆಳೆದಿದೆ' ಅಂತ ಬರೆದಿದ್ದ, ಯಾವ ಸಂಶೋಧನೆ ಅಂತ ಇರಲಿಲ್ಲ. ಐವತ್ತು ಅರವತ್ತು ಕಡೆ ಕಳಿಸಿದರೆ ಉತ್ತರ ಬಂದದ್ದು ಎರಡೋ ಮೂರೋ, ಅವೂ 'ಖಾಲಿ ಇಲ್ಲ'. ವಾಕ್-ಇನ್ ಸಂದರ್ಶನಗಳ ಬಸ್ಸು, ಲಾಡ್ಜಿಗೆ ಇನ್ನೊಂದು ಆರೇಳು ಸಾವಿರ.

ಆಮೇಲೆ ಒಂದೇ ಲ್ಯಾಬ್ ಹಿಡಿದು ಕೂತೆ. ಅವರ ಪೇಪರಿನಲ್ಲಿ ಮೊದಲು ಓದಿದ್ದು ಕೊನೆಯ ಕೃತಜ್ಞತೆಯ ಸಾಲು. ಯಾರ ಅನುದಾನ ಅಂತ ಅಲ್ಲಿಂದ ತಿಳಿಯಿತು. ಹುಡುಕಿದರೆ ಇನ್ನೂ ವರ್ಷದ ಮೇಲೆ ಅವಧಿ ಇತ್ತು. ಮೊದಲ ಲೇಖಕಿ ಪಿಎಚ್‌ಡಿಗೆ ಬೇರೆ ಕಡೆ ಹೋಗಿದ್ದರು. ಅಂದರೆ ಹಣ ಇದೆ, ಕೆಲಸ ಮಾಡುವವರಿಲ್ಲ.

ಅಚ್ಚಾದ ಪೇಪರು ಹಳೆಯ ಕೆಲಸದ್ದು, ಹಾಗಾಗಿ ಕೃಷಿ ವಿವಿಗಳ ಥೀಸಿಸ್ ಸಿಗುವ ಕೃಷಿಕೋಶ ಜಾಲತಾಣದಲ್ಲಿ ಅದೇ ಗೈಡ್ ಕೆಳಗಿನ ಥೀಸಿಸ್‌ಗಳನ್ನೂ ತೆಗೆದೆ. ಲ್ಯಾಬಿನ ನಿಜವಾದ ತಲೆನೋವು ಸಿಕ್ಕಿದ್ದು ಅಲ್ಲೇ: ರೋಗದ ಶಿಲೀಂಧ್ರವೇನೋ ತಟ್ಟೆ ತುಂಬ ಬೆಳ್ಳಗೆ ಬೆಳೆಯುತ್ತೆ, ಬೀಜಕಣ ಬಿಡಲ್ಲ. ಪೇಪರಿನಲ್ಲಿ ಇದರ ಸುದ್ದಿಯೇ ಇಲ್ಲ, ಥೀಸಿಸ್‌ನಲ್ಲಿ ಒಂದೂವರೆ ಪುಟ ಗೋಳು. ಎಂಎಸ್ಸಿಯಲ್ಲಿ ನಾನು ಪಟ್ಟ ಪಾಡೂ ಅದೇ!

ಪತ್ರ ಇಂಗ್ಲಿಷಿನಲ್ಲಿತ್ತು, ನಡುವಿನ ಪ್ಯಾರಾದ ಸಾರ ಇದು:

"ನಿಮ್ಮ ಲೇಖನದಲ್ಲಿ ತಳಿಗಳನ್ನು ಸಸಿ ಹಂತದ ಎಲೆ ರೋಗಕ್ಕೆ ಮಾತ್ರ ಪರೀಕ್ಷಿಸಿದ್ದೀರಿ, ಕುತ್ತಿಗೆ ಮತ್ತು ತೆನೆಯ ರೋಗ ಬಾಕಿ ಎಂದು ನೀವೇ ಬರೆದಿದ್ದೀರಿ. ತೆನೆ ಹೊರಡುವಾಗ ಮಿಲಿಲೀಟರಿಗೆ ಸುಮಾರು ಒಂದು ಲಕ್ಷ ಬೀಜಕಣ ಇರುವ ನೀರು ಸಿಂಪಡಿಸಿ ಮೂರು ತಳಿಗಳಲ್ಲಿ ರೋಗ ಬರಿಸಿದ್ದೇನೆ. ಓಟ್‌ಮೀಲ್ ಅಗಾರಿನಲ್ಲಿ ಬೀಜಕಣ ನಿಂತಾಗ, ಶಿಲೀಂಧ್ರವನ್ನು ರಾಗಿ ಎಲೆಗೆ ಸೋಂಕಿಸಿ ಗಾಯದಿಂದ ಮತ್ತೆ ಬೇರ್ಪಡಿಸಿದೆ. ಆರ್‌ಎನ್‌ಎ ಕೆಲಸ ನನಗೆ ಬರುವುದಿಲ್ಲ."

ಕೊನೆಯ ವಾಕ್ಯ ತೆಗೆದುಹಾಕು ಅಂತ ರೂಮ್‌ಮೇಟ್ ಜಗಳ ಆಡಿದ. ತೆಗೆಯಲಿಲ್ಲ. ಬೀಜಕಣ ಬಿಡಲಿ ಅಂತ ತಟ್ಟೆಗಳನ್ನು ಬೆಳಕಿನ ಕೆಳಗೆ ಎಷ್ಟು ಹೊತ್ತು ಇಟ್ಟೆ ಅನ್ನೋದನ್ನ ಮಾತ್ರ ಬೇಕೆಂದೇ ಬರೆಯಲಿಲ್ಲ, ಇಲ್ಲೂ ಬರೆಯಲ್ಲ. ವಾರದೊಳಗೆ ಫೋನ್ ಬಂತು. ಲ್ಯಾಬಿನ ಮೇಡಂ ಮೊದಲು ಕೇಳಿದ್ದೇ ಅದನ್ನು.

ಇನ್ನೊಂದು ಪ್ರಯೋಗ: ಅದೇ ಪ್ಯಾರಾದ ತಲೆ-ಬಾಲ ಬದಲಿಸಿ ಭತ್ತದ ಬೆಂಕಿ ರೋಗದ ಲ್ಯಾಬ್ ಒಂದಕ್ಕೆ ಕಳಿಸಿ ನೋಡಿದೆ. ಸದ್ದಿಲ್ಲ. ಅವರದ್ದು ಪೂರ್ತಿ ಜೀನ್ ಕೆಲಸ, ನನ್ನ ಸಿಂಪಡಣೆ ಅವರಿಗ್ಯಾಕೆ? ಜಾಹೀರಾತು ಕೊಟ್ಟು ನೆಟ್, ಗೇಟ್ ಕಡ್ಡಾಯ ಅಂದಿರುವ ಹುದ್ದೆಗೂ ಈ ಪತ್ರ ನಡೆಯಲ್ಲ; ಅಲ್ಲಿ ಗುಮಾಸ್ತರ ಪಟ್ಟಿಯಲ್ಲೇ ಹೆಸರು ಹಾರಿಹೋಗುತ್ತೆ, ಪತ್ರ ಪ್ರೊಫೆಸರ್ ಮೇಜಿಗೆ ಹೋಗೋದೇ ಇಲ್ಲ.